ಪರವಾನಗಿಯ ಹೆಸರಿನಲ್ಲಿ ತಿರಸ್ಕೃತವಾದ ಕ್ಲೇಮು: ಗಂಗಾವತಿಯ ಒಂದು ಪಿಕಪ್ ವಾಹನದ ಪ್ರಕರಣ

ಗಂಗಾವತಿಯಲ್ಲಿ ಅರ್ಜಿ, ಕರಾರುಪತ್ರ ಬರೆದುಕೊಡುವ ನನ್ನ ಬಳಿ ವಿಮಾ ಕಂಪನಿಯ ಪತ್ರ ಹಿಡಿದು ಬರುವವರಲ್ಲಿ ಹೆಚ್ಚಿನವರು ಆ ಪತ್ರವನ್ನು ಪೂರ್ತಿ ಓದಿರುವುದಿಲ್ಲ. ‘ಕ್ಲೇಮು ನಿರಾಕರಿಸಲಾಗಿದೆ’ ಎಂಬ ಸಾಲಿಗೇ ಓದು ನಿಂತಿರುತ್ತದೆ. 2025ರ ಯುಗಾದಿ ಮುಗಿದ ಎರಡನೆಯ ದಿನ ಬಂದ ಅಕ್ಕಿ ವ್ಯಾಪಾರಿಯೂ ಹಾಗೆಯೇ ಬಂದಿದ್ದರು. “ಸರ, ನಮ್ಮ ಡ್ರೈವರಗ ಲೈಸೆನ್ಸ್ ಐತ್ರಿ, ಆದ್ರೂ ಇಲ್ಲ ಅಂತ ಬರದಾರ” ಎಂದು ಪತ್ರವನ್ನು ಮೇಜಿನ ಮೇಲಿಟ್ಟರು. ಚಾಲಕನಿಗೆ ಪರವಾನಗಿ ಇಲ್ಲವೆಂದು ಪತ್ರದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಇರುವ ಪರವಾನಗಿ ಈ ವಾಹನಕ್ಕೆ ಸಾಲದು ಎಂದು ಬರೆದಿತ್ತು. ಇವೆರಡರ ನಡುವಿನ ವ್ಯತ್ಯಾಸದ ಮೇಲೆಯೇ ಮುಂದಿನ ಇಡೀ ವಾದ ನಿಂತಿತು.

ಪ್ರಕರಣ ಸರಳವಾದದ್ದು. ಫೆಬ್ರವರಿ 8, ಶನಿವಾರ ರಾತ್ರಿ ಒಂಬತ್ತೂವರೆಯ ಸುಮಾರಿಗೆ ಇವರ ಪಿಕಪ್ ವಾಹನ 25 ಕಿಲೋ ತೂಕದ 40 ಅಕ್ಕಿ ಚೀಲಗಳೊಂದಿಗೆ ಕಾರಟಗಿಯಿಂದ ಗಂಗಾವತಿಗೆ ಬರುತ್ತಿತ್ತು. ಗದ್ದೆಯ ಕಡೆಯಿಂದ ಎಮ್ಮೆಯೊಂದು ಏಕಾಏಕಿ ರಸ್ತೆಗೆ ಬಂದಾಗ ಚಾಲಕ ಅದನ್ನು ತಪ್ಪಿಸಲು ಸ್ಟಿಯರಿಂಗ್ ತಿರುಗಿಸಿದ; ವಾಹನ ಕಾಲುವೆಯ ಕಿರುಸೇತುವೆಯ ತಡೆಗೋಡೆಗೆ ಗುದ್ದಿತು. ಚಾಲಕನ ಮಣಿಕಟ್ಟು ಮುರಿದದ್ದು ಬಿಟ್ಟರೆ ಬೇರೆ ಯಾರಿಗೂ ಪೆಟ್ಟಾಗಲಿಲ್ಲ. ವಾಹನವನ್ನು ಮರುದಿನ ಎಳೆದು ತಂದು ಗಂಗಾವತಿಯ ಗ್ಯಾರೇಜಿನಲ್ಲಿ ನಿಲ್ಲಿಸಲಾಯಿತು. ಭಾನುವಾರ ಬೆಳಿಗ್ಗೆಯೇ ಮಾಲೀಕರು ಪಾಲಿಸಿ ಮಾಡಿಸಿದ ಏಜೆಂಟರಿಗೆ ಫೋನ್ ಮಾಡಿದ್ದರು. ಸೋಮವಾರವಿಡೀ ಆಸ್ಪತ್ರೆಯಲ್ಲಿ ಕಳೆಯಿತು. ಮಂಗಳವಾರ, ಅಂದರೆ 11ರಂದು, ಕಂಪನಿಯ ಉಚಿತ ಸಂಖ್ಯೆಗೆ ಕರೆ ಮಾಡಿ ಕ್ಲೇಮ್ ಸಂಖ್ಯೆ ಪಡೆದರು. 13ರಂದು ಸರ್ವೇಯರ್ ಬಂದು, ಒಂದು ಬೋಲ್ಟನ್ನೂ ಬಿಚ್ಚದ ಸ್ಥಿತಿಯಲ್ಲಿಯೇ ವಾಹನವನ್ನು ನೋಡಿ ಫೋಟೊ ತೆಗೆದುಕೊಂಡು ಹೋದರು. ಮಾರ್ಚ್ 21ರ ದಿನಾಂಕದ ಪತ್ರದಲ್ಲಿ ಕಂಪನಿ ಎರಡು ಕಾರಣ ಕೊಟ್ಟು ಕ್ಲೇಮನ್ನು ತಿರಸ್ಕರಿಸಿತು. ಅಪಘಾತದ ಸಮಯದಲ್ಲಿ ಚಾಲಕನ ಬಳಿ ಸಾರಿಗೆ ವಾಹನ ಓಡಿಸುವ ಅನುಮೋದನೆ ಇರಲಿಲ್ಲ ಎಂಬುದು ಒಂದು. ಅಪಘಾತವನ್ನು ಪಾಲಿಸಿಯ ಷರತ್ತಿನಂತೆ ‘ಕೂಡಲೇ’ ತಿಳಿಸದೆ ಮೂರು ದಿನ ತಡ ಮಾಡಲಾಗಿದೆ ಎಂಬುದು ಇನ್ನೊಂದು.

ಮೊದಲ ಕಾರಣ ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ. ವಾಹನದ ಆರ್‌ಸಿಯಲ್ಲಿ ‘ಎಲ್‌ಜಿವಿ’, ಅಂದರೆ ಲಘು ಸರಕು ವಾಹನ ಎಂದಿದೆ. ಚಾಲಕನ ಪರವಾನಗಿಯಲ್ಲಿ ‘ಎಲ್‌ಎಂವಿ’, ಅಂದರೆ ಲಘು ಮೋಟಾರು ವಾಹನ ಎಂದಷ್ಟೇ ಇದೆ. ನಮ್ಮ ಕಡೆ ಎಲ್ಲರೂ ‘ಬ್ಯಾಡ್ಜ್’ ಎನ್ನುವ ಸಾರಿಗೆ ಅನುಮೋದನೆ ಅದರಲ್ಲಿಲ್ಲ. ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಅಕ್ಷರಗಳನ್ನು ಹೋಲಿಸುವ ಗುಮಾಸ್ತನಿಗೆ ಇವು ಹೊಂದುವುದಿಲ್ಲ. ಆದರೆ ಮೋಟಾರು ವಾಹನ ಕಾಯ್ದೆ, 1988ರ ಕಲಂ 2(21) ಲಘು ಮೋಟಾರು ವಾಹನ ಎಂದರೇನು ಎಂದು ಹೇಳುವಾಗ, ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಅದರೊಳಗೆ ಸೇರಿಸಿದೆ. ಇದನ್ನು ಆಧರಿಸಿಯೇ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2017ರ ಜುಲೈ 3ರಂದು ಮುಕುಂದ ದೇವಾಂಗನ್ ಪ್ರಕರಣದಲ್ಲಿ, ಲಘು ಮೋಟಾರು ವಾಹನದ ಪರವಾನಗಿ ಇರುವವರು ಆ ತೂಕದೊಳಗಿನ ಸರಕು ವಾಹನ ಓಡಿಸಲು ಪ್ರತ್ಯೇಕ ಅನುಮೋದನೆ ಪಡೆಯಬೇಕಾಗಿಲ್ಲ ಎಂದು ಹೇಳಿತು. ಆ ತೀರ್ಪನ್ನು ವಿಮಾ ಕಂಪನಿಗಳು ಪ್ರಶ್ನಿಸಿದ್ದರಿಂದ ವಿಷಯ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಹೋಯಿತು. ಆ ಪೀಠವೂ 2024ರ ನವೆಂಬರ್ 6ರಂದು, ಬಜಾಜ್ ಅಲಯನ್ಸ್ ವಿರುದ್ಧ ರಂಭಾ ದೇವಿ ಪ್ರಕರಣದಲ್ಲಿ, ಹಿಂದಿನ ನಿಲುವನ್ನೇ ಎತ್ತಿಹಿಡಿಯಿತು. ನಮ್ಮ ಪಿಕಪ್ ಗೋಡೆಗೆ ಗುದ್ದುವ ಮೂರು ತಿಂಗಳ ಹಿಂದೆಯೇ ಈ ಪ್ರಶ್ನೆ ಇತ್ಯರ್ಥವಾಗಿತ್ತು ಎಂದಾಯಿತು.

ಈ ತೀರ್ಪು ಎಲ್ಲ ಪರವಾನಗಿ ತಕರಾರಿಗೂ ಮದ್ದಲ್ಲ. ಅಪಘಾತದ ದಿನ ಪರವಾನಗಿಯ ಅವಧಿ ಮುಗಿದಿದ್ದರೆ, ಚಾಲಕನ ಬಳಿ ದ್ವಿಚಕ್ರ ವಾಹನದ ಪರವಾನಗಿ ಮಾತ್ರ ಇದ್ದರೆ, ವಾಹನದ ಒಟ್ಟು ತೂಕ 7,500 ಕಿಲೋ ದಾಟಿದ್ದರೆ ಅಥವಾ ಅದು ಗ್ಯಾಸ್, ರಾಸಾಯನಿಕದಂತಹ ಅಪಾಯಕಾರಿ ಸರಕು ಹೊತ್ತಿದ್ದರೆ ಈ ವಾದ ನಡೆಯುವುದಿಲ್ಲ. ಆದ್ದರಿಂದ ಪೆನ್ನು ಹಿಡಿಯುವ ಮೊದಲು ನಾನು ಕೇಳಿದ್ದು ಎರಡೇ ಕಾಗದ. ಆರ್‌ಸಿಯಲ್ಲಿ ಒಟ್ಟು ವಾಹನ ತೂಕ 2,990 ಕಿಲೋ ಎಂದಿತ್ತು. ಪರವಾನಗಿ 2014ರಲ್ಲಿ ಕೊಟ್ಟದ್ದು, 2034ರವರೆಗೆ ಚಾಲ್ತಿಯಲ್ಲಿರುವಂಥದ್ದು. ಅಷ್ಟು ನೋಡಿದ ಮೇಲೆ ಪತ್ರ ಬರೆಯಬಹುದೆಂದು ಧೈರ್ಯ ಬಂತು. ಇಲ್ಲಿ ಗಮನಿಸಬೇಕಾದದ್ದು ಆರ್‌ಸಿಯಲ್ಲಿರುವ ಖಾಲಿ ವಾಹನದ ತೂಕವನ್ನಲ್ಲ, ಸರಕು ಸೇರಿದ ಒಟ್ಟು ತೂಕವನ್ನು. ಸರಕು ವಾಹನಗಳಿಗೆ ಕಾಯ್ದೆ ಮಿತಿ ಹಾಕಿರುವುದು ಅದರ ಮೇಲೆ.

ಎರಡನೆಯ ಕಾರಣಕ್ಕೆ ಉತ್ತರ ಬರೆಯುವಾಗ ಸ್ವಲ್ಪ ಎಚ್ಚರ ಬೇಕಾಯಿತು. ಏಜೆಂಟರಿಗೆ ಭಾನುವಾರವೇ ಹೇಳಿದ್ದೆವು, ಅದನ್ನೇ ದೊಡ್ಡದಾಗಿ ಬರೆಯಿರಿ ಎಂದು ಮಾಲೀಕರು ಒತ್ತಾಯಿಸಿದರು. ಏಜೆಂಟರಿಗೆ ಹೇಳಿದ್ದೆಲ್ಲ ಕಂಪನಿಗೆ ಹೇಳಿದಂತೆಯೇ ಎಂದು ವಾದಿಸಲು ಹೊರಟರೆ ಕಂಪನಿ ಆ ಎಳೆಯನ್ನು ಹಿಡಿದುಕೊಂಡು ಮೂಲ ವಿಷಯದಿಂದ ನಮ್ಮನ್ನು ದೂರ ಎಳೆಯುತ್ತದೆ. ಆ ಕರೆಯಿಂದ ಸಿಗುವ ಪ್ರಯೋಜನ ಒಂದೇ: ಮುಚ್ಚಿಡುವ ಉದ್ದೇಶ ಇರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ನಿಜವಾದ ಉತ್ತರ ಬೇರೆ ಕಡೆ ಇತ್ತು. ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ, ತಡದ ಕಾರಣಗಳನ್ನು ವಿಚಾರಿಸಿ ದಾಖಲಿಸದೆ, ಸಕಾಲದಲ್ಲಿ ತಿಳಿಸಿದ್ದರೂ ಈ ಕ್ಲೇಮು ತಿರಸ್ಕೃತವಾಗುತ್ತಿತ್ತು ಎಂದು ಮನಗಾಣದೆ, ತಡವೊಂದರ ಮೇಲೆ ಕ್ಲೇಮು ನಿರಾಕರಿಸಬಾರದು ಎಂದು ಕಂಪನಿಗಳಿಗೆ ಹೇಳಿತ್ತು. ತಡದ ನಿಯಮ ಇರುವುದು ಕಂಪನಿಗೆ ಹಾನಿಯನ್ನು ಪರೀಕ್ಷಿಸುವ ಅವಕಾಶ ತಪ್ಪಬಾರದೆಂದು. ಇಲ್ಲಿ ಸರ್ವೇಯರ್ ವಾಹನವನ್ನು ಬಿಚ್ಚುವ ಮೊದಲೇ ನೋಡಿದ್ದಾರೆ. ಹಾಗಿರುವಾಗ ಕಂಪನಿ ಕಳೆದುಕೊಂಡದ್ದೇನು ಎಂಬ ಪ್ರಶ್ನೆಯನ್ನು ಪತ್ರದಲ್ಲಿ ನೇರವಾಗಿ ಕೇಳಬಹುದಿತ್ತು.

ಎಷ್ಟು ಹಣ ಕೇಳಬೇಕು ಎಂಬುದನ್ನು ಬಹಳ ಜನ ಲೆಕ್ಕ ಹಾಕುವುದೇ ಇಲ್ಲ, ಗ್ಯಾರೇಜಿನ ಪೂರ್ತಿ ಬಿಲ್ಲನ್ನು ಕೇಳಿಬಿಡುತ್ತಾರೆ. ಗ್ಯಾರೇಜಿನ ಅಂದಾಜು ₹1,62,000 ಇತ್ತು. ಪಾಲಿಸಿಯನ್ನು ಬಿಡಿಸಿ ನೋಡಿದಾಗ ಅದರಲ್ಲಿ ‘ಐಎಂಟಿ 23’ ಎಂಬ ಹೆಚ್ಚುವರಿ ರಕ್ಷಣೆ ಇರಲಿಲ್ಲ. ಸರಕು ವಾಹನಗಳ ಪಾಲಿಸಿಯಲ್ಲಿ ಈ ರಕ್ಷಣೆ ಕೊಂಡಿರದಿದ್ದರೆ, ವಾಹನ ಪೂರ್ತಿ ನಾಶವಾಗದ ಹೊರತು ಬಾನೆಟ್, ಬಂಪರ್, ಮಡ್‌ಗಾರ್ಡ್, ಹೆಡ್‌ಲೈಟ್, ಟೈರು ಹಾಗೂ ಬಣ್ಣದ ಖರ್ಚು ಸಿಗುವುದಿಲ್ಲ. ಕಡಿಮೆ ಪ್ರೀಮಿಯಂ ತೋರಿಸುವ ಹಂಬಲದಲ್ಲಿ ಏಜೆಂಟರು ಕೈಬಿಡುವುದು ಹೆಚ್ಚಾಗಿ ಇದನ್ನೇ. ಅಂಥ ಭಾಗಗಳ ₹48,000 ತೆಗೆದರೆ ₹1,14,000 ಉಳಿಯಿತು. ಎರಡು ವರ್ಷ ದಾಟಿ ಮೂರರೊಳಗಿನ ವಾಹನವಾದ್ದರಿಂದ ಲೋಹದ ಭಾಗಗಳ ₹64,000ದಲ್ಲಿ ಶೇ 15, ಅಂದರೆ ₹9,600 ಸವಕಳಿ. ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳ ₹10,000ದಲ್ಲಿ ಅರ್ಧ, ಅಂದರೆ ₹5,000. ಗಾಜಿಗೂ ಕೂಲಿಗೂ ಸವಕಳಿ ಇಲ್ಲ. ಹೀಗೆ ₹99,400 ಬಂತು. ಅದರಲ್ಲಿ, ಮಾಲೀಕರೇ ಹೊರಬೇಕೆಂದು ಪಾಲಿಸಿಯಲ್ಲಿ ಬರೆದ ಕಡ್ಡಾಯ ಕಡಿತ ಹೋಗುತ್ತದೆ. ಮಾಲೀಕರ ಮುಖ ಸಣ್ಣದಾಯಿತು. ಆದರೆ ಬಾರದ ಹಣವನ್ನು ಕೇಳಿದ ಪತ್ರದಲ್ಲಿ ಬರಬೇಕಾದ ಹಣದ ಮಾತಿಗೂ ತೂಕ ಕಡಿಮೆಯಾಗುತ್ತದೆ ಎಂದು ನಾನು ಪಟ್ಟು ಹಿಡಿದೆ.

ಪತ್ರವನ್ನು ಶಾಖೆಗೆ ಕೊಡದೆ, ಪಾಲಿಸಿಯ ಕೊನೆಯ ಪುಟದಲ್ಲಿ ವಿಳಾಸವಿದ್ದ ಕುಂದುಕೊರತೆ ಪರಿಹಾರ ಅಧಿಕಾರಿಗೆ ಏಪ್ರಿಲ್ 3ರಂದು ಸ್ಪೀಡ್ ಪೋಸ್ಟಿನಲ್ಲಿಯೂ ಇಮೇಲಿನಲ್ಲಿಯೂ ಕಳಿಸಿದೆವು. ಕಚೇರಿ ಹೊರರಾಜ್ಯದಲ್ಲಿದ್ದುದರಿಂದ ಕನ್ನಡ ಪತ್ರದೊಂದಿಗೆ ಇಂಗ್ಲಿಷ್ ಪ್ರತಿಯನ್ನೂ ಲಗತ್ತಿಸಿದ್ದೆವು. ಸಂಖ್ಯೆ, ವಿಳಾಸಗಳನ್ನು ಬಿಟ್ಟು ಅದರ ಪಠ್ಯವನ್ನು ಇಲ್ಲಿ ಕೊಡುತ್ತಿದ್ದೇನೆ.

“ಮಾನ್ಯರೆ,

ವಿಷಯ: ಸರಕು ವಾಹನದ ಹಾನಿ ಕ್ಲೇಮು ನಿರಾಕರಣೆಯ ವಿರುದ್ಧ ದೂರು.

ಉಲ್ಲೇಖ: ತಮ್ಮ 21.03.2025ರ ಪತ್ರ.

ನಾನು ಮೇಲ್ಕಂಡ ಪಾಲಿಸಿಯ ಮಾಲೀಕ. 08.02.2025ರ ರಾತ್ರಿ ಕಾರಟಗಿ–ಗಂಗಾವತಿ ರಸ್ತೆಯಲ್ಲಿ ಅಡ್ಡ ಬಂದ ಎಮ್ಮೆಯನ್ನು ತಪ್ಪಿಸುವಾಗ ನನ್ನ ವಾಹನ ಕಿರುಸೇತುವೆಯ ತಡೆಗೋಡೆಗೆ ಗುದ್ದಿ ಹಾನಿಗೊಂಡಿತು. ಅಪಘಾತ ನಡೆದ ಬಗೆಯ ಕುರಿತಾಗಲಿ ಹಾನಿಯ ಕುರಿತಾಗಲಿ ತಮ್ಮ ಪತ್ರದಲ್ಲಿ ಯಾವ ಆಕ್ಷೇಪವೂ ಇಲ್ಲ. ಕ್ಲೇಮನ್ನು ಎರಡು ಕಾರಣಗಳಿಂದ ಮಾತ್ರ ನಿರಾಕರಿಸಲಾಗಿದೆ. ಅವೆರಡೂ ನಿಲ್ಲುವುದಿಲ್ಲವೆಂದು ಈ ಕೆಳಗಿನಂತೆ ವಿನಂತಿಸುತ್ತೇನೆ.

ಪಾಲಿಸಿಯ ಚಾಲಕ ಷರತ್ತು ಕೇಳುವುದು, ವಾಹನ ಓಡಿಸುತ್ತಿದ್ದವರ ಬಳಿ ಅಪಘಾತದ ಸಮಯದಲ್ಲಿ ಚಾಲ್ತಿಯಲ್ಲಿರುವ ಪರವಾನಗಿ ಇರಬೇಕು ಮತ್ತು ಅವರು ಪರವಾನಗಿ ಹೊಂದಲು ಅನರ್ಹರಾಗಿರಬಾರದು ಎಂದು. ನನ್ನ ಚಾಲಕನ ಬಳಿ ಲಘು ಮೋಟಾರು ವಾಹನದ ಪರವಾನಗಿ ಇದ್ದು, ಅದು 2034ರವರೆಗೆ ಚಾಲ್ತಿಯಲ್ಲಿದೆ. ವಾಹನದ ಒಟ್ಟು ತೂಕ 2,990 ಕಿಲೋ. ಮೋಟಾರು ವಾಹನ ಕಾಯ್ದೆ, 1988ರ ಕಲಂ 2(21)ರ ಪ್ರಕಾರ ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನ ಲಘು ಮೋಟಾರು ವಾಹನವೇ ಆಗಿದೆ. ಅಂಥ ವಾಹನ ಓಡಿಸಲು ಪ್ರತ್ಯೇಕ ಅನುಮೋದನೆ ಬೇಕಾಗಿಲ್ಲವೆಂದು ಮಾನ್ಯ ಸುಪ್ರೀಂ ಕೋರ್ಟ್ ಮುಕುಂದ ದೇವಾಂಗನ್ ಪ್ರಕರಣದಲ್ಲಿ 03.07.2017ರಂದು ಹೇಳಿದೆ, ರಂಭಾ ದೇವಿ ಪ್ರಕರಣದಲ್ಲಿ ಸಂವಿಧಾನ ಪೀಠ 06.11.2024ರಂದು ಅದನ್ನೇ ಎತ್ತಿಹಿಡಿದಿದೆ. ವಾಹನದಲ್ಲಿದ್ದದ್ದು ಅಕ್ಕಿ; ಅಪಾಯಕಾರಿ ಸರಕಲ್ಲ. ಅದರ ತೂಕ 1,000 ಕಿಲೋ, ಅನುಮತಿಸಿದ ಮಿತಿಯೊಳಗೇ ಇದೆ. ವೇಬ್ರಿಜ್ ಚೀಟಿ ಲಗತ್ತಿಸಿದೆ. ಆದ್ದರಿಂದ ಮೊದಲ ಕಾರಣ ಜಾರಿಯಲ್ಲಿರುವ ಕಾನೂನಿಗೆ ವಿರುದ್ಧವಾಗಿದೆ.

ಅಪಘಾತದ ಮರುದಿನ ಭಾನುವಾರ. ಅಂದು ಬೆಳಿಗ್ಗೆ ನಾನು ಏಜೆಂಟರಿಗೆ ಕರೆ ಮಾಡಿದ್ದೇನೆ. ಸೋಮವಾರ ಚಾಲಕನ ಮುರಿದ ಮಣಿಕಟ್ಟಿಗೆ ಚಿಕಿತ್ಸೆ ಕೊಡಿಸುತ್ತಿದ್ದೆ. ಮಂಗಳವಾರ ತಮಗೆ ತಿಳಿಸಿ ಕ್ಲೇಮ್ ಸಂಖ್ಯೆ ಪಡೆದೆ. 13ರಂದು ತಮ್ಮ ಸರ್ವೇಯರ್ ಬಂದಾಗ ವಾಹನವನ್ನು ಬಿಚ್ಚಿರಲಿಲ್ಲ, ದುರಸ್ತಿ ಆರಂಭಿಸಿರಲಿಲ್ಲ. ತಡದಿಂದಾಗಿ ಪರಿಶೀಲಿಸಲಾಗದೆ ಉಳಿದ ಅಂಶ ಯಾವುದೆಂದು ತಮ್ಮ ಪತ್ರ ಹೇಳುವುದಿಲ್ಲ. ತಡಕ್ಕೆ ಕಾರಣವೇನೆಂದು ನನ್ನನ್ನು ಯಾರೂ ಕೇಳಲೂ ಇಲ್ಲ. ಪ್ರಾಧಿಕಾರದ 20.09.2011ರ ಸುತ್ತೋಲೆ, ತಡದ ಕಾರಣವನ್ನು ವಿಚಾರಿಸಿ ದಾಖಲಿಸದೆ ಹೀಗೆ ನಿರಾಕರಿಸಬಾರದೆಂದು ತಿಳಿಸಿದೆ.

ನನ್ನ ಪಾಲಿಸಿಯಲ್ಲಿ ಐಎಂಟಿ 23 ರಕ್ಷಣೆ ಇಲ್ಲದಿರುವುದರಿಂದ ಬಾನೆಟ್, ಬಂಪರ್, ಹೆಡ್‌ಲೈಟ್, ಬಣ್ಣ ಮುಂತಾದವುಗಳ ₹48,000 ನಾನು ಕೇಳುತ್ತಿಲ್ಲ. ಉಳಿದ ಮೊತ್ತದಲ್ಲಿ ಸವಕಳಿ ಕಳೆದ ₹99,400ರಿಂದ ಪಾಲಿಸಿಯ ಕಡ್ಡಾಯ ಕಡಿತ ಕಳೆದು ಬರುವ ಹಣವನ್ನು, ವಿಳಂಬದ ಬಡ್ಡಿಯೊಂದಿಗೆ, ಪಾವತಿಸಬೇಕೆಂದು ಕೋರುತ್ತೇನೆ. ಸರ್ವೇಯರ್ ವರದಿಯ ಪ್ರತಿಯನ್ನೂ ಕಳಿಸಿಕೊಡಬೇಕು. ನಿಯಮದಂತೆ ಎರಡು ವಾರಗಳೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ. ಉತ್ತರ ಬಾರದಿದ್ದರೆ ಅಥವಾ ಸಮಾಧಾನಕರವಾಗಿರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಅವರಲ್ಲಿ ದೂರು ಸಲ್ಲಿಸುತ್ತೇನೆ.

ತಮ್ಮ ವಿಶ್ವಾಸಿ.”

ಈ ಪಠ್ಯ ಮೂರನೆಯ ಕರಡು. ಮೊದಲ ಕರಡಿನಲ್ಲಿ ನಾನು ಸ್ವರಣ್ ಸಿಂಗ್ ಪ್ರಕರಣದ 2004ರ ತೀರ್ಪನ್ನೂ ಸೇರಿಸಿದ್ದೆ. ಪರವಾನಗಿ ತಕರಾರು ಬಂದಾಗಲೆಲ್ಲ ಎಲ್ಲರೂ ಅದನ್ನು ಎತ್ತುತ್ತಾರೆ. ಆದರೆ ಅದು ಅಪಘಾತದಲ್ಲಿ ಪೆಟ್ಟಾದ ಮೂರನೆಯವರಿಗೆ ಕಂಪನಿ ಕೊಡಬೇಕಾದ ಪರಿಹಾರದ ವಿಷಯದ್ದು. ಮಾಲೀಕರ ಸ್ವಂತ ವಾಹನದ ಹಾನಿಗೆ ಆ ತತ್ವವನ್ನು ಹಾಗೆಯೇ ಅನ್ವಯಿಸಲಾಗದೆಂದು ಲಕ್ಷ್ಮೀ ನಾರಾಯಣ ಧುತ್ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದನ್ನು ಉಳಿಸಿಕೊಂಡಿದ್ದರೆ ಕಂಪನಿಯ ವಕೀಲರು ನಮ್ಮ ಇಡೀ ಪತ್ರಕ್ಕೆ ಆ ಒಂದು ತಪ್ಪನ್ನು ಮುಂದಿಟ್ಟು ಉತ್ತರಿಸಿಬಿಡುತ್ತಿದ್ದರು. ತಡದ ಬಗ್ಗೆಯೂ ಸುಪ್ರೀಂ ಕೋರ್ಟಿನ ಓಂ ಪ್ರಕಾಶ್ (2017), ಗುರ್‌ಶಿಂದರ್ ಸಿಂಗ್ (2020) ತೀರ್ಪುಗಳಿವೆ. ಅವೆರಡೂ ವಾಹನ ಕಳುವಿನ ಪ್ರಕರಣಗಳಾದ್ದರಿಂದ ಕೈಬಿಟ್ಟೆವು. ಎರಡನೆಯ ಕರಡಿನಲ್ಲಿ ಏಜೆಂಟರ ನಡವಳಿಕೆಯ ಬಗ್ಗೆ ಮಾಲೀಕರು ಬರೆಸಿದ ಅರ್ಧ ಪುಟವಿತ್ತು. ಅದು ಸತ್ಯವೇ ಆಗಿದ್ದರೂ ಈ ಅಧಿಕಾರಿ ತೀರ್ಮಾನಿಸಬೇಕಾದ ವಿಷಯವಾಗಿರಲಿಲ್ಲ.

ಲಗತ್ತುಗಳಲ್ಲಿ ನಿರಾಕರಣೆ ಪತ್ರ, ಪಾಲಿಸಿ, ಆರ್‌ಸಿ, ಪರವಾನಗಿಯ ಎರಡೂ ಬದಿ, ವಾಹನ ಓಡಲು ಯೋಗ್ಯವೆಂಬ ಪ್ರಮಾಣಪತ್ರವಾದ ಎಫ್‌ಸಿ, ಗ್ಯಾರೇಜಿನ ಅಂದಾಜು, ಆಸ್ಪತ್ರೆಯ ಚೀಟಿ, ಫೋನಿನ ಕರೆಪಟ್ಟಿಯ ಚಿತ್ರ ಮತ್ತು ವೇಬ್ರಿಜ್ ಚೀಟಿ ಇದ್ದವು. ಎಫ್‌ಸಿ ಬಗ್ಗೆ ಕಂಪನಿ ಕೇಳಿರಲಿಲ್ಲ. ಆದರೂ ಕೊಟ್ಟೆವು, ಒಂದು ಕಾರಣ ಬಿದ್ದಾಗ ಇನ್ನೊಂದನ್ನು ಹುಡುಕುವ ಅಭ್ಯಾಸವನ್ನು ನಾನು ಕಂಡಿದ್ದೇನೆ. ಮೂರು ಟನ್ನಿನೊಳಗಿನ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲದ್ದರಿಂದ ಆ ಬಾಗಿಲು ಮೊದಲೇ ಮುಚ್ಚಿತ್ತು.

ಏಪ್ರಿಲ್ 16ರಂದು, ಅವಧಿಯೊಳಗೇ, ಉತ್ತರ ಬಂತು. ಪರವಾನಗಿಯ ಕಾರಣವನ್ನು ಕೈಬಿಟ್ಟಿದ್ದೇವೆ ಎಂದು ಅದರಲ್ಲಿ ಒಂದೇ ಸಾಲು. ಆದರೆ ತಡ ಮಾಡಿದ್ದು ಷರತ್ತಿನ ಉಲ್ಲಂಘನೆಯಾದ್ದರಿಂದ ಕ್ಲೇಮನ್ನು ‘ನಾನ್-ಸ್ಟ್ಯಾಂಡರ್ಡ್’ ಎಂದು ಪರಿಗಣಿಸಿ ಶೇ 75, ಅಂದರೆ ₹74,550ರಲ್ಲಿ ಕಡ್ಡಾಯ ಕಡಿತ ಕಳೆದು ಕೊಡುವುದಾಗಿ, ಅದಕ್ಕಾಗಿ ಪೂರ್ಣ ಮತ್ತು ಅಂತಿಮ ಇತ್ಯರ್ಥವೆಂದು ಬರೆದ ಡಿಸ್ಚಾರ್ಜ್ ವೋಚರ್‌ಗೆ ಸಹಿ ಮಾಡಬೇಕೆಂದು ಇತ್ತು. ಹೆಚ್ಚಿನ ಜನ ಸೋಲುವುದು ಇಲ್ಲಿಯೇ. ಪೂರ್ತಿ ಇಲ್ಲ ಎಂದಿದ್ದ ಕಂಪನಿ ಮುಕ್ಕಾಲು ಪಾಲು ಕೊಡುತ್ತೇನೆ ಎಂದಾಗ ಸಹಿ ಬಿದ್ದುಬಿಡುತ್ತದೆ, ಆಮೇಲೆ ಕಾಲು ಭಾಗ ಕೇಳಲು ದಾರಿ ಕಷ್ಟವಾಗುತ್ತದೆ. ಶೇ 75ರ ಪದ್ಧತಿ ಕಟ್ಟುಕಥೆಯಲ್ಲ. ಅಮಲೇಂದು ಸಾಹೂ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಉಲ್ಲೇಖಿಸಿದೆ. ಆದರೆ ಅಲ್ಲಿ ಇದ್ದದ್ದು ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸಿದಂತಹ ನಿಜವಾದ ಉಲ್ಲಂಘನೆ. ಕೊಡಬಾರದೆಂದಿದ್ದ ಕ್ಲೇಮಿನಲ್ಲಿ ಸ್ವಲ್ಪವಾದರೂ ಕೊಡಿಸಲು ಬಳಸಿದ ದಾರಿ ಅದು. ಕೊಡಲೇಬೇಕಾದ ಕ್ಲೇಮಿನಲ್ಲಿ ಕಡಿತ ಮಾಡಲು ಅದನ್ನು ಬಳಸುವುದು ತಲೆಕೆಳಗಾದ ಕ್ರಮ.

ವೋಚರ್‌ಗೆ ಸಹಿ ಹಾಕದೆ ಒಂದು ಪುಟದ ಎರಡನೆಯ ಪತ್ರ ಬರೆದೆವು. ತಡದಿಂದ ಕಂಪನಿಗಾದ ನಷ್ಟವೇನೆಂದು ತಮ್ಮ ಎರಡನೆಯ ಪತ್ರವೂ ಹೇಳಿಲ್ಲ. ಶೇ 25 ಕಡಿತಕ್ಕೆ ಪಾಲಿಸಿಯ ಯಾವ ಷರತ್ತು ಆಧಾರವೆಂದು ತಿಳಿಸಬೇಕು. ವಿವಾದವಿಲ್ಲದ ಮೊತ್ತವನ್ನು ಆಕ್ಷೇಪಣೆಯೊಂದಿಗೆ ಸ್ವೀಕರಿಸಲು ಸಿದ್ಧ, ಆದರೆ ಅಂತಿಮ ಇತ್ಯರ್ಥವೆಂದು ಒಪ್ಪುವುದಿಲ್ಲ ಎಂದಷ್ಟೇ ಅದರಲ್ಲಿತ್ತು. ಜೊತೆಗೆ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲಿ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಪತ್ರದಲ್ಲಿ ಬರೆದೆವು. ಜಾಲತಾಣ ಬಳಸಲಾರದವರು 155255ಕ್ಕೆ ಕರೆ ಮಾಡಿ ದಾಖಲಿಸಬಹುದು. ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ತೀರ್ಮಾನಿಸುವ ಒಂಬುಡ್ಸ್‌ಮನ್ ಅವರಿಗೆ ಕೊಡಬೇಕಾದ ಅರ್ಜಿಯನ್ನೂ ಸಿದ್ಧ ಮಾಡಿಟ್ಟುಕೊಂಡೆವು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಮೊದಲು ಕಂಪನಿಗೆ ಲಿಖಿತವಾಗಿ ದೂರು ಕೊಟ್ಟಿರಬೇಕು, ಕಂಪನಿ ದೂರನ್ನು ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಏಪ್ರಿಲ್ 3ರ ಪತ್ರದ ಸ್ಪೀಡ್ ಪೋಸ್ಟ್ ರಸೀದಿಯನ್ನು ಮಾಲೀಕರಿಗೆ ಜೋಪಾನ ಮಾಡಲು ಹೇಳಿದ್ದು ಅದಕ್ಕಾಗಿಯೇ.

ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಮೇ ಎರಡನೆಯ ವಾರದಲ್ಲಿ ಕಡ್ಡಾಯ ಕಡಿತ ಕಳೆದ ಪೂರ್ತಿ ಹಣ ಖಾತೆಗೆ ಜಮೆಯಾಯಿತು. ಜೊತೆಗೆ ಬಂದ ಇಮೇಲಿನಲ್ಲಿ ಮರುಪರಿಶೀಲನೆಯ ನಂತರ ಪಾವತಿಸಲಾಗಿದೆ ಎಂದಿತ್ತೇ ಹೊರತು ತಡದ ಕಾರಣ ಏನಾಯಿತೆಂದು ಬರೆದಿರಲಿಲ್ಲ. ಬಡ್ಡಿ ಬರಲಿಲ್ಲ. ಬ್ಯಾಂಕ್ ದರದ ಮೇಲೆ ಶೇ 2 ಸೇರಿಸಿ ವಿಳಂಬದ ಬಡ್ಡಿ ಕೊಡಬೇಕೆಂಬ ನಿಯಮವಿದೆ, ಕೇಳೋಣವೇ ಎಂದೆ. ಲೆಕ್ಕ ಹಾಕಿದರೆ ಸಾವಿರದ ಆಸುಪಾಸು ಬರುತ್ತಿತ್ತು. ಪಿಕಪ್ ಮೂರು ತಿಂಗಳು ಗ್ಯಾರೇಜಿನಲ್ಲಿ ನಿಂತಿದ್ದರಿಂದ ಕೊಟ್ಟ ಬಾಡಿಗೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿದೆ, ಅದನ್ನು ಯಾವ ಪಾಲಿಸಿಯೂ ಕೊಡುವುದಿಲ್ಲ, ಬಿಡಿ ಎಂದು ಅವರು ಎದ್ದರು. ಮುಂದಿನ ನವೀಕರಣಕ್ಕೆ ಐಎಂಟಿ 23 ಹಾಕಿಸಬೇಕೆಂದು ಪಾಲಿಸಿಯ ಮೇಲೆ ಪೆನ್ಸಿಲಿನಲ್ಲಿ ಬರೆಸಿಕೊಂಡು ಹೋದರು.